ರಿಟ್ ಅರ್ಜಿ: ಕೋರಿಕೆ ಬರೆಯುವ ಮುನ್ನ ಕಡತ ನೋಡಿ

ಮೊದಲ ವರ್ಷದ ಕಾನೂನು ವಿದ್ಯಾರ್ಥಿಗಳು ಬರೆಯುವ ರಿಟ್ ಅರ್ಜಿಗಳಲ್ಲಿ ಸಂಗತಿಗಳ ಭಾಗ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಕೆಡುವುದು ಕೊನೆಯ ಪುಟದಲ್ಲಿ, ಕೋರಿಕೆ ಬರೆಯುವಾಗ. ಯಾವ ರಿಟ್ ಕೇಳಬೇಕೆಂಬುದನ್ನು ಪಠ್ಯದ ವ್ಯಾಖ್ಯೆ ತೀರ್ಮಾನಿಸುವುದಿಲ್ಲ, ಅಧಿಕಾರಿ ಏನು ಮಾಡಿದ್ದಾರೆ ಎಂಬುದು ತೀರ್ಮಾನಿಸುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಪೊನ್ನಂಪೇಟೆ ತಾಲ್ಲೂಕಿನ ಬೆಳೆಗಾರರೊಬ್ಬರ ತಂದೆ ತೀರಿಕೊಂಡಿದ್ದಾರೆ. ಕಾಫಿ ತೋಟದ ಪೌತಿ ಖಾತೆಗಾಗಿ ಮಗ ಅರ್ಜಿ ಕೊಟ್ಟಿದ್ದಾರೆ. ತಿಂಗಳುಗಟ್ಟಲೆ ಉತ್ತರವಿಲ್ಲ.

ಯಾವ ನ್ಯಾಯಾಲಯ ಎಂಬುದು ಸುಲಭ. ಮಡಿಕೇರಿಯ ಜಿಲ್ಲಾ ನ್ಯಾಯಾಲಯಕ್ಕೆ ರಿಟ್ ಹೊರಡಿಸುವ ಅಧಿಕಾರವಿಲ್ಲ. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನ ಬೆಂಗಳೂರು ಪೀಠಕ್ಕೇ ಹೋಗಬೇಕು. 32ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ಹೋಗಲು ಮೂಲಭೂತ ಹಕ್ಕಿನ ಪ್ರಶ್ನೆಯೇ ಇರಬೇಕು. ಖಾತೆಯ ತಕರಾರಿಗೆ ಅದು ದಾರಿಯಲ್ಲ.

ಅಧಿಕಾರಿ ಸುಮ್ಮನಿದ್ದಾರೆ, ಆದ್ದರಿಂದ ಇಲ್ಲಿ ಬೇಕಾದದ್ದು ಮ್ಯಾಂಡಮಸ್. ಆದರೆ ನೇರವಾಗಿ ಹೈಕೋರ್ಟಿಗೆ ಓಡಬಾರದು. ಮೊದಲು ಕೇಳಿರಬೇಕು, ಅವರು ನಿರಾಕರಿಸಿರಬೇಕು ಅಥವಾ ತಕ್ಕಷ್ಟು ಕಾಲ ಕಳೆದರೂ ಉತ್ತರಿಸದೇ ಇರಬೇಕು. ಹಾಗಾಗಿ ಮೂಲ ಅರ್ಜಿಯ ದಿನಾಂಕ ತೋರಿಸಿ ತಹಶೀಲ್ದಾರರಿಗೆ ಇನ್ನೊಂದು ಲಿಖಿತ ಮನವಿ ಕೊಡಿಸಿ, ಟಪಾಲು ವಿಭಾಗದ ಸೀಲು ಮತ್ತು ದಿನಾಂಕವಿರುವ ಪ್ರತಿ ಇಟ್ಟುಕೊಳ್ಳಿ. ಅಂಚೆ ರಸೀದಿಗಿಂತ ಈ ಸೀಲೇ ವಾಸಿ. ಮನವಿ ತಲುಪಿಲ್ಲ ಎನ್ನುವ ವಾದಕ್ಕೆ ಅದು ಅಲ್ಲಿಗೇ ತೆರೆ ಎಳೆಯುತ್ತದೆ.

ಇನ್ನು ಕೋರಿಕೆ. ಹೆಚ್ಚಿನವರು ‘ಅರ್ಜಿದಾರರ ಹೆಸರಿಗೆ ಖಾತೆ ಮಾಡಿಕೊಡಲು ನಿರ್ದೇಶಿಸಬೇಕು’ ಎಂದು ಬರೆದುಬಿಡುತ್ತಾರೆ. ವಾರಸುದಾರರು ಯಾರು, ತಕರಾರು ಇದೆಯೇ ಎಂದು ವಿಚಾರಿಸಿ ತೀರ್ಮಾನಿಸುವುದು ಕಂದಾಯ ಅಧಿಕಾರಿಯ ಕೆಲಸ. ಆ ತೀರ್ಮಾನವನ್ನು ಹೈಕೋರ್ಟು ಸಾಮಾನ್ಯವಾಗಿ ತಾನೇ ಮಾಡುವುದಿಲ್ಲ. ಹೀಗೆ ಬರೆಯಿರಿ: ‘ಇಂಥ ದಿನಾಂಕದ ಅರ್ಜಿಯನ್ನು ಕಾನೂನಿನಂತೆ ಪರಿಗಣಿಸಿ, ಸಂಬಂಧಪಟ್ಟವರ ಅಹವಾಲು ಕೇಳಿ, ನ್ಯಾಯಾಲಯ ಗೊತ್ತುಪಡಿಸುವ ಅವಧಿಯೊಳಗೆ ಆದೇಶ ಹೊರಡಿಸುವಂತೆ ತಹಶೀಲ್ದಾರರಿಗೆ ನಿರ್ದೇಶಿಸಬೇಕು.’ ದಿನಾಂಕವನ್ನೂ ಅನುಬಂಧದ ಗುರುತನ್ನೂ ಕೋರಿಕೆಯೊಳಗೇ ಹಾಕಿ. ‘ನನ್ನ ಅರ್ಜಿಗಳನ್ನು’ ಎಂದಷ್ಟೇ ಬರೆದರೆ ಯಾವ ಅರ್ಜಿ ಎಂಬ ಗೊಂದಲ ಆದೇಶಕ್ಕೂ ಅಂಟಿಕೊಳ್ಳುತ್ತದೆ.

ಈಗ ಸಂಗತಿ ಸ್ವಲ್ಪ ಬದಲಾಗಲಿ. ತಹಶೀಲ್ದಾರರು ಮಗನನ್ನು ಕರೆಯದೆ, ‘ದಾಖಲೆ ಸಾಲದು, ತಿರಸ್ಕರಿಸಿದೆ’ ಎಂದು ಹಿಂಬರಹ ಕೊಟ್ಟಿದ್ದಾರೆ ಎನ್ನಿ. ಈಗ ಬರೀ ಮ್ಯಾಂಡಮಸ್ ಕೇಳಿದರೆ ನಡೆಯದು. ತಿರಸ್ಕಾರದ ಆದೇಶ ಜೀವಂತವಿರುವಾಗ ಅದಕ್ಕೆ ವಿರುದ್ಧವಾಗಿ ನಡೆಯಿರಿ ಎಂದು ಅಧಿಕಾರಿಗೆ ಹೇಳಲಾಗದು. ಮೊದಲು ಸರ್ಷಿಯೊರರಿಯಲ್ಲಿ ಆ ಹಿಂಬರಹ ರದ್ದಾಗಬೇಕು, ಅದರ ಬೆನ್ನಿಗೆ ಹೊಸದಾಗಿ ಪರಿಗಣಿಸಲು ಮ್ಯಾಂಡಮಸ್. ಎರಡೂ ಕೋರಿಕೆಗಳು ಇದೇ ಕ್ರಮದಲ್ಲಿ ಇರಲಿ. ಹಿಂಬರಹದ ಸಂಖ್ಯೆ, ದಿನಾಂಕ ಬರೆದು ಪ್ರತಿಯನ್ನೂ ಲಗತ್ತಿಸಿ.

ಸರ್ಷಿಯೊರರಿ ಎಂದರೆ ಮೇಲ್ಮನವಿಯಲ್ಲ. ಮೈಸೂರು ರಾಜ್ಯದ ಚುನಾವಣಾ ತಕರಾರಿನಿಂದ ಹುಟ್ಟಿದ ಟಿ.ಸಿ. ಬಸಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1954ರಲ್ಲೇ ಇದನ್ನು ಬಿಡಿಸಿ ಹೇಳಿದೆ. ಅಧಿಕಾರವ್ಯಾಪ್ತಿ ಮೀರಿದ್ದು, ಸಹಜ ನ್ಯಾಯದ ನಿಯಮ ಮುರಿದದ್ದು, ದಾಖಲೆಯ ಮೇಲೇ ಕಾಣುವ ಕಾನೂನಿನ ತಪ್ಪು, ಇಂಥವನ್ನು ತೋರಿಸಬೇಕು. ಸಾಕ್ಷ್ಯವನ್ನು ಮತ್ತೆ ತೂಗಿ ಎಂದು ಕೇಳಿದರೆ ಅರ್ಜಿ ಬೀಳುತ್ತದೆ.

ಇಲ್ಲಿ ಸರ್ಕಾರಿ ವಕೀಲರ ಮೊದಲ ಆಕ್ಷೇಪಣೆ ಗೊತ್ತಿರುವಂಥದ್ದೇ: ಭೂ ಕಂದಾಯ ಕಾಯ್ದೆಯ 136(2)ನೇ ಪ್ರಕರಣದಂತೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಇದೆಯಲ್ಲ? ‘ಅಹವಾಲು ಕೇಳದೆ ತಿರಸ್ಕರಿಸಿದ್ದಾರೆ’ ಎಂಬ ಉತ್ತರ ಅರ್ಜಿಯಲ್ಲೇ ಇರಬೇಕು. ಸಹಜ ನ್ಯಾಯ ಮುರಿದಾಗ ಪರ್ಯಾಯ ಪರಿಹಾರ ಅಡ್ಡಿಯಾಗದು ಎಂದು 1998ರ ವರ್ಲ್‌ಪೂಲ್ ತೀರ್ಪು ಹೇಳುತ್ತದೆ. ಕರೆದು ಕೇಳಿಯೇ ತಿರಸ್ಕರಿಸಿದ್ದರೆ ಮೇಲ್ಮನವಿಗೇ ಹೋಗಿ.

ಹೇಬಿಯಸ್ ಕಾರ್ಪಸ್ ಈ ತೋಟದ ಕಥೆಗೆ ಸಂಬಂಧಿಸಿದ್ದಲ್ಲ. ಅದೇ ತೋಟದ ಕಾರ್ಮಿಕನೊಬ್ಬನನ್ನು ಪೊಲೀಸರು ಕರೆದೊಯ್ದು, ಪ್ರಯಾಣದ ಸಮಯ ಬಿಟ್ಟು 24 ಗಂಟೆ ಕಳೆದರೂ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸದಿದ್ದರೆ ಅದು ಬೇಕಾಗುತ್ತದೆ. ಆಗ ಅವನ ಪರವಾಗಿ ಹೆಂಡತಿಯೋ ಗೆಳೆಯನೋ ಅರ್ಜಿ ಹಾಕಬಹುದು. ಕೊನೆಯ ಬಾರಿ ಯಾರು, ಎಲ್ಲಿ, ಎಷ್ಟು ಹೊತ್ತಿಗೆ ನೋಡಿದರು ಎಂಬುದನ್ನು ಬರೆಯಿರಿ. ಮ್ಯಾಜಿಸ್ಟ್ರೇಟರು ಕಾನೂನಿನಂತೆ ರಿಮ್ಯಾಂಡ್ ಮಾಡಿದ್ದರೆ ಮಾತ್ರ ದಾರಿ ಜಾಮೀನೇ.

ಐದೂ ರಿಟ್‌ಗಳ ಹೆಸರು ಸಾಲಾಗಿ ಅಚ್ಚಾದ ಸಿದ್ಧ ನಮೂನೆಗಳನ್ನು ದಯವಿಟ್ಟು ಬಳಸಬೇಡಿ. ಏನು ಬೇಕೆಂದು ಬರೆದವರಿಗೇ ತಿಳಿದಿಲ್ಲ ಎಂಬುದನ್ನು ಅವು ಸಾರುತ್ತವೆ. ಪ್ರತಿವಾದಿಗಳಲ್ಲಿ ತಹಶೀಲ್ದಾರರು ಇರಲೇಬೇಕು. ಖಾತೆಗೆ ತಕರಾರು ಹಾಕಿದ ಅಣ್ಣನಿದ್ದರೆ ಅವರನ್ನೂ ಸೇರಿಸಿ, ಆದರೆ ಅಣ್ಣನೊಬ್ಬನ ಮೇಲೆ ರಿಟ್ ಹಾಕಬೇಡಿ.

ಆದೇಶ ಸಿಕ್ಕ ಮೇಲೆ ಪ್ರಮಾಣೀಕೃತ ಪ್ರತಿ ಪಡೆದು ತಹಶೀಲ್ದಾರರ ಕಚೇರಿಗೆ ಕೊಟ್ಟು, ಮತ್ತೆ ಸೀಲು ಹಾಕಿಸಿಕೊಳ್ಳಿ. ಆದೇಶದಲ್ಲಿ ಹೆಚ್ಚಾಗಿ ‘ಪ್ರತಿ ತಲುಪಿದ ದಿನದಿಂದ’ ಎಂದೇ ಇರುತ್ತದೆ, ಗಡುವು ಆ ಸೀಲಿನ ದಿನಾಂಕದಿಂದ ಓಡುತ್ತದೆ. ಗಡುವು ಮೀರಿದರೆ ನ್ಯಾಯಾಂಗ ನಿಂದನೆ ಅರ್ಜಿಗೆ ಅಲ್ಲಿಂದ ಒಂದು ವರ್ಷದ ಕಾಲಮಿತಿ.