37 ಡಿಗ್ರಿಯ ಶಂಕು, ತಪ್ಪು ನನ್ನದೇ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನನ್ನದೊಂದು ಸಣ್ಣ ಡಕ್ಟಿಂಗ್ ವರ್ಕ್‌ಶಾಪ್ ಇದೆ. ಕೆಲವು ವರ್ಷಗಳ ಹಿಂದೆ ಒಂದು ಮಸಾಲೆ ಪುಡಿ ಘಟಕಕ್ಕೆ ಹೊಗೆ ಹೊರಹಾಕುವ ವ್ಯವಸ್ಥೆ ಮಾಡಿಕೊಟ್ಟಿದ್ದೆ. ಅಲ್ಲಿ ಬ್ಯಾಡಗಿ ಮೆಣಸಿನಕಾಯಿ ಹುರಿಯುತ್ತಾರೆ. ಹುರಿಯುವ ಬಾಣಲೆಯ ಮೇಲೆ ಹುಡ್, ಅಲ್ಲಿಂದ ಡಕ್ಟ್, ಆಮೇಲೆ ಫ್ಯಾನ್, ಫ್ಯಾನಿನಿಂದ 400 ಮಿಮೀ ವ್ಯಾಸದ ಕೊಳವೆ ತಗಡಿನ ಮಾಡು ದಾಟಿ ಮೇಲಕ್ಕೆ. ಕೊನೆಗೆ ಬಾಯಿ ಅಗಲವಾಗುವ ಒಂದು ಶಂಕು, ಅಂದರೆ ಡಿಫ್ಯೂಸರ್. ಕೊಳವೆ ಮಾಡಿನ ಮೇಲೆ ಎದ್ದು ಕಾಣಬಾರದು, ಆಷಾಢದ ಗಾಳಿಗೆ ಬೀಳುತ್ತದೆ ಎಂದು ಮಾಲೀಕರು ಹಟ ಹಿಡಿದಿದ್ದರು. ಹಾಗಾಗಿ 300 ಮಿಮೀ ಉದ್ದದೊಳಗೆ 400ರಿಂದ 600ಕ್ಕೆ ಅಗಲಿಸಿ ಮುಗಿಸಿಬಿಟ್ಟೆ. ಬಾಯಿ ಅಗಲವಾದಷ್ಟೂ ಗಾಳಿ ಸುಲಭವಾಗಿ ಹೊರಹೋಗುತ್ತದೆ ಎಂಬ ಲೆಕ್ಕ ನನ್ನದು.

ಹದಿನೈದು ದಿನಕ್ಕೆ ಫೋನ್ ಬಂತು. "ಏನ್ರೀ, ಫ್ಯಾನ್ ತಿರಗತೈತಿ, ಘಾಟ್ ಮಾತ್ರ ಹೋಗವಲ್ದು. ಹೆಣ್ಮಕ್ಕಳು ಕೆಮ್ಮಿ ಕೆಮ್ಮಿ ಸಾಕಾಗ್ಯಾರ."

ಹೋಗಿ ನೋಡಿದೆ. ಫ್ಯಾನ್ ಸರಿಯಾದ ದಿಕ್ಕಿಗೇ ತಿರುಗುತ್ತಿತ್ತು, ಬೆಲ್ಟ್ ಬಿಗಿಯಾಗಿತ್ತು. ಹುಡ್ ಬಾಯಲ್ಲಿ ಅನಿಮೋಮೀಟರ್ ಹಿಡಿದು ಗಾಳಿಯ ವೇಗ ಅಳೆದು, ಬಾಯಿಯ ವಿಸ್ತೀರ್ಣದಿಂದ ಗುಣಿಸಿದರೆ ಸೆಕೆಂಡಿಗೆ 2.5 ಘನ ಮೀಟರ್. 400 ಮಿಮೀ ಕೊಳವೆಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 20 ಮೀಟರ್. ಇಷ್ಟು ವೇಗದ ಗಾಳಿಯಲ್ಲಿರುವ ಚಲನೆಯ ಒತ್ತಡ ½ρV², ಇಲ್ಲಿ ρ ಗಾಳಿಯ ಸಾಂದ್ರತೆ, V ವೇಗ. ಹುಬ್ಬಳ್ಳಿ ಸಮುದ್ರಮಟ್ಟಕ್ಕಿಂತ ಆರುನೂರು ಮೀಟರಿಗೂ ಮೇಲಿದೆ, ಜೊತೆಗೆ ಗಾಳಿ ಬೆಚ್ಚಗಿತ್ತು. ಅದಕ್ಕೇ ಪುಸ್ತಕದ 1.2 ಬಿಟ್ಟು ಸಾಂದ್ರತೆಯನ್ನು 1.06 ಎಂದು ಹಿಡಿದೆ. 212 ಪ್ಯಾಸ್ಕಲ್ ಬಂತು, ಅಂದರೆ ಸುಮಾರು 22 ಮಿಮೀ ಎತ್ತರದ ನೀರಿನ ಒತ್ತಡ. ನಮ್ಮ ಇಡೀ ವ್ಯವಸ್ಥೆಗೆ ಫ್ಯಾನ್ ಕೊಡುತ್ತಿದ್ದದ್ದೇ ನಲವತ್ತು ಚಿಲ್ಲರೆ ಮಿಮೀ. ಅದರಲ್ಲಿ ಅರ್ಧದಷ್ಟು ವೇಗದ ರೂಪದಲ್ಲಿ ಆಕಾಶಕ್ಕೆ ಹೋಗುವುದನ್ನು ಹಿಡಿದು ಒತ್ತಡವಾಗಿ ವಾಪಸ್ ಪಡೆಯುವುದೇ ಶಂಕುವಿನ ಕೆಲಸ.

ಅದು ಎಷ್ಟು ವಾಪಸ್ ಕೊಡುತ್ತಿದೆ ಎಂದು ನೋಡಲು ದುಬಾರಿ ಉಪಕರಣ ಬೇಕಿಲ್ಲ. ಶಂಕುವಿನ ಬಾಯಿ ಬಯಲಿಗೆ ತೆರೆದಿರುವುದರಿಂದ ಅಲ್ಲಿ ವಾತಾವರಣದ ಒತ್ತಡವೇ ಇರುತ್ತದೆ. ಮೇಲೆ ಹೋಗುತ್ತ ಒತ್ತಡ ಏರಿ ವಾತಾವರಣಕ್ಕೆ ಸಮವಾಗಬೇಕು ಎಂದರೆ, ಶಂಕುವಿನ ಬುಡದಲ್ಲಿ ಅದಕ್ಕಿಂತ ಕಡಿಮೆ ಇರಲೇಬೇಕು. ಫ್ಯಾನ್ ತಳ್ಳುವ ಕಡೆಯಲ್ಲೇ ತೂತು ಕೊರೆದರೂ ಅದು ಗಾಳಿಯನ್ನು ಒಳಕ್ಕೆ ಎಳೆಯುತ್ತದೆ. ಇದನ್ನು ಮೊದಲ ಸಲ ನೋಡಿದವರು ಯಾರೂ ನಂಬುವುದಿಲ್ಲ. ಬುಡದ ಸುತ್ತ 2 ಮಿಮೀನ ನಾಲ್ಕು ತೂತು ಹಾಕಿ, ಒಳಗಿನ ಮುಳ್ಳನ್ನು ಅರದಿಂದ ಉಜ್ಜಿ ತೆಗೆದೆ. ಮುಳ್ಳು ಉಳಿದರೆ ಅಳತೆ ಸುಳ್ಳು ಹೇಳುತ್ತದೆ. ನಾಲ್ಕನ್ನೂ ಸಲೈನ್ ಟ್ಯೂಬಿನಿಂದ ಸೇರಿಸಿ, ಹಲಗೆಗೆ ಕಟ್ಟಿದ ನೀರಿನ ಕೊಳವೆಗೆ ಜೋಡಿಸಿದೆ. ಹಲಗೆಯನ್ನು ಐದಕ್ಕೆ ಒಂದರಂತೆ ಓರೆ ಮಾಡಿದ್ದರಿಂದ ಒಂದು ಮಿಮೀ ವ್ಯತ್ಯಾಸ ಐದು ಮಿಮೀ ಆಗಿ ಕಾಣುತ್ತಿತ್ತು.

ಗಾಳಿ ಗೋಡೆಗಂಟಿಕೊಂಡು ಒಂದಿಷ್ಟೂ ನಷ್ಟವಿಲ್ಲದೆ ಹರಿದರೆ ವಾಪಸ್ ಸಿಗುವ ಪಾಲು 1 − (A1/A2)², A1 ಬುಡದ ವಿಸ್ತೀರ್ಣ, A2 ಬಾಯಿಯದು. 400ರಿಂದ 600 ಎಂದರೆ ವಿಸ್ತೀರ್ಣ 2.25 ಪಟ್ಟು, ಪಾಲು 0.80. ಅಂದರೆ 22ರಲ್ಲಿ ಹದಿನೇಳೂವರೆ ಮಿಮೀ. ನನ್ನ ಹಲಗೆ ತೋರಿಸಿದ್ದು 4 ಮಿಮೀ. ಅದೂ ನಿಲ್ಲದೆ ಎರಡಕ್ಕೂ ಆರಕ್ಕೂ ಓಲಾಡುತ್ತಿತ್ತು. ಸಿಗಬೇಕಾದ್ದರ ಕಾಲು ಭಾಗವೂ ಸಿಕ್ಕಿರಲಿಲ್ಲ.

ಮಾಡಿನ ಮೇಲೆ ಹತ್ತಿದೆ. ಶಂಕುವಿನ ಒಳಗೋಡೆಗೆ ಎರಡು ಇಂಚಿನ ಉಲ್ಲನ್ ದಾರದ ತುಂಡುಗಳನ್ನು ಟೇಪಿನಿಂದ ಅಂಟಿಸಿ ಫ್ಯಾನ್ ಹಾಕಿಸಿದೆ. ಬುಡದ ಸಾಲಿನ ದಾರಗಳು ನೆಟ್ಟಗೆ ಮೇಲೆ ನಿಂತವು. ಅರ್ಧಕ್ಕಿಂತ ಮೇಲಿನವು ಒಂದು ಬದಿಯಲ್ಲಿ ಒದ್ದಾಡುತ್ತಿದ್ದವು, ಇನ್ನೊಂದು ಬದಿಯಲ್ಲಿ ತಲೆಕೆಳಗಾಗಿದ್ದವು. ಅಲ್ಲೇ ಬಿದ್ದಿದ್ದ ಒಂದು ಮೆಣಸಿನಕಾಯಿ ಸಿಪ್ಪೆಯನ್ನು ಆ ಬದಿಯ ಅಂಚಿನಲ್ಲಿ ಬಿಟ್ಟೆ. ಹೊರಗೆ ಹಾರಬೇಕಿದ್ದ ಸಿಪ್ಪೆ ಗೋಡೆಗುಂಟ ಒಳಕ್ಕೆ ಜಾರಿತು. ಒಂದು ಗೇಣು ಕೆಳಗೆ ಹೋಗಿ, ನಡುವಿನ ಹರಿವಿಗೆ ಸಿಕ್ಕು ಮೇಲಕ್ಕೆ ಚಿಮ್ಮಿತು. 600 ಮಿಮೀ ಬಾಯಿ ಕೇವಲ ತೋರಿಕೆಗೆ. ಗಾಳಿ ನಡುವಿನ ಸಣ್ಣ ಜಾಗದಿಂದಲೇ, ಮೊದಲಿನ ವೇಗದಲ್ಲೇ ಹೋಗುತ್ತಿತ್ತು. ಸುತ್ತಲ ಜಾಗದಲ್ಲಿ ಸುಳಿ.

ಹೀಗೇಕೆ ಎಂದರೆ, ಶಂಕುವಿನೊಳಗೆ ಗಾಳಿ ಹೋಗುತ್ತಿರುವುದು ಒತ್ತಡದ ಏರಿನ ಮೇಲೆ. ನೃಪತುಂಗ ಬೆಟ್ಟದ ಏರಿಗೆ ಸೈಕಲ್ ತುಳಿಯದೆ ಬರೀ ಓಟದ ರಭಸದಲ್ಲಿ ಹತ್ತಿಸಲು ಹೋದಂತೆ. ನಡುವಿನ ಗಾಳಿಗೆ ರಭಸವಿದೆ, ಹತ್ತುತ್ತದೆ. ಗೋಡೆಗೆ ಉಜ್ಜಿಕೊಂಡು ಬಂದ ಗಾಳಿ ಮೊದಲೇ ಸೋತಿರುತ್ತದೆ. ಏರು ನಿಧಾನವಾಗಿದ್ದರೆ ಪಕ್ಕದ ರಭಸದ ಗಾಳಿ ಬೆರೆತು ಅದನ್ನು ಎಳೆದುಕೊಂಡು ಹೋಗುತ್ತದೆ, ಕಡಿದಾಗಿದ್ದರೆ ಅದು ನಿಂತು ಹಿಂದಕ್ಕೆ ಉರುಳುತ್ತದೆ. ನನ್ನ ಶಂಕು ಪ್ರತಿ ಬದಿಗೆ ಹದಿನೆಂಟೂವರೆ, ಒಟ್ಟು 37 ಡಿಗ್ರಿ. ಒಟ್ಟು ಕೋನ ಅರವತ್ತರ ಹತ್ತಿರ ಹೋದರೆ ಶಂಕುವೇ ಇಲ್ಲದೆ ಸಣ್ಣ ಕೊಳವೆಯನ್ನು ದಿಢೀರನೆ ದೊಡ್ಡದಕ್ಕೆ ಸೇರಿಸಿದ್ದಕ್ಕಿಂತಲೂ ನಷ್ಟ ಹೆಚ್ಚು.

ಮಾಲೀಕರಿಗೆ ಸಿಪ್ಪೆಯ ಆಟ ತೋರಿಸಿದ ಮೇಲೆ ಎತ್ತರಕ್ಕೆ ಒಪ್ಪಿದರು. ಹೊಸ ಶಂಕು 1000 ಮಿಮೀ ಉದ್ದ, ಬಾಯಿ 560, ಒಟ್ಟು ಕೋನ 9 ಡಿಗ್ರಿ. ತಗಡು ಕತ್ತರಿಸುವ ಕಾಕಾ "ಒಂಬತ್ತು ಡಿಗ್ರಿ ಅಂದ್ರ ಒಂದ ಬದಿಗೋ, ಎರಡೂ ಕೂಡೇನೋ?" ಎಂದು ಕೇಳಿದ್ದು ಪುಣ್ಯ. ಡ್ರಾಯಿಂಗಿನಲ್ಲಿ ನಾನು ಬರೆದಿರಲಿಲ್ಲ. ಪ್ರತಿ ಬದಿಗೆ 9 ಎಂದು ಕತ್ತರಿಸಿದ್ದರೆ ಒಟ್ಟು 18 ಆಗಿ ಮತ್ತೆ ಅದೇ ಕಥೆ. ಅಂದಿನಿಂದ ಡಿಗ್ರಿ ಬರೆಯುವುದನ್ನೇ ಬಿಟ್ಟಿದ್ದೇನೆ. ಎರಡು ವ್ಯಾಸ, ಒಂದು ಉದ್ದ, ಅಷ್ಟೇ ಬರೆಯುತ್ತೇನೆ.

ಕೂರಿಸಿ ಅಳೆದರೆ 9 ಮಿಮೀ. ಸುಧಾರಿಸಿತ್ತು, ಆದರೆ ಸಾಲದು. ದಾರಗಳು ಮೂರು ಬದಿಯಲ್ಲಿ ಚೆನ್ನಾಗಿದ್ದವು, ಒಂದು ಬದಿಯಲ್ಲಿ ಮಾತ್ರ ಒದ್ದಾಟ. ಈ ಫ್ಯಾನಿನಿಂದ ಹೊರಬರುವ ಗಾಳಿ ಒಂದು ಗೋಡೆಗೆ ಒತ್ತಿಕೊಂಡು ಬರುತ್ತಿತ್ತು, ಎದುರು ಗೋಡೆಯ ಬಳಿ ಮೊದಲೇ ಸುಸ್ತಾದ ಗಾಳಿ. ಅದನ್ನು ನೇರ ಶಂಕುವಿಗೆ ಬಿಟ್ಟರೆ 9 ಡಿಗ್ರಿಯನ್ನೂ ತಡೆಯುವುದಿಲ್ಲ. ನಡುವೆ 800 ಮಿಮೀ ನೆಟ್ಟಗಿನ ಕೊಳವೆ ಸೇರಿಸಿ, ಫ್ಲೇಂಜಿನ ಒಳಗೆ ಚಾಚಿಕೊಂಡಿದ್ದ ವೆಲ್ಡಿಂಗ್ ಗಂಟನ್ನೂ ಗ್ರೈಂಡ್ ಮಾಡಿಸಿ, ಮೂರು ಕಡೆ ತಂತಿ ಬಿಗಿದೆ.

ಈಗ ನೀರು ಹದಿನಾಲ್ಕೂವರೆಗೆ ಹೋಗಿ ಅಲ್ಲಾಡದೆ ನಿಂತಿತು. ಹುಡ್ಡಿನಲ್ಲಿ ಗಾಳಿ 2.5ರಿಂದ 2.7ಕ್ಕೆ ಏರಿತ್ತು. ಹರಿವು ಹೆಚ್ಚಾದ್ದರಿಂದ ಚಲನೆಯ ಒತ್ತಡವೂ 25 ಮಿಮೀ ಆಗಿತ್ತು. ಈ ಬಾಯಿಗೆ ಸಿಗಬಹುದಾದ ಗರಿಷ್ಠ ಪಾಲು 0.74, ಸಿಕ್ಕಿದ್ದು 0.58. ನೂರಕ್ಕೆ ಎಪ್ಪತ್ತೆಂಟು ಬಂದಂತಾಯಿತು. ಬಾಯಿ ಮೊದಲಿಗಿಂತ ಚಿಕ್ಕದು, ವಾಪಸಾತಿ ಮೂರು ಪಟ್ಟಿಗಿಂತ ಹೆಚ್ಚು. ಕರೆಂಟ್ ಬಿಲ್ ಇಳಿಯಲಿಲ್ಲ, ಮೋಟಾರಿನ ಆಂಪಿಯರ್ ಹೆಚ್ಚುಕಡಿಮೆ ಅಷ್ಟೇ ಇತ್ತು. ಲಾಭವೆಲ್ಲ ಹೆಚ್ಚಿನ ಗಾಳಿಯ ರೂಪದಲ್ಲಿ ಬಂತು. ಎಂಟು ಪರ್ಸೆಂಟ್ ದೊಡ್ಡದಲ್ಲ ಅನ್ನಿಸಬಹುದು, ಆದರೆ ಹುಡ್ಡಿನ ಅಂಚಿನಿಂದ ತಪ್ಪಿಸಿಕೊಳ್ಳುತ್ತಿದ್ದ ಘಾಟು ಒಳಗೆಳೆದುಕೊಳ್ಳಲು ಅಷ್ಟೇ ಕಡಿಮೆಬಿದ್ದಿತ್ತು.

ಎತ್ತರಕ್ಕೆ ಮಾಲೀಕರು ಒಪ್ಪದಿದ್ದರೂ ದಾರಿ ಇತ್ತು ಎಂದು ಆಮೇಲೆ ಲೆಕ್ಕ ಹಾಕಿದಾಗ ತಿಳಿಯಿತು. ಅದೇ 300 ಮಿಮೀ ಉದ್ದದಲ್ಲಿ ಬಾಯಿಯನ್ನು 480ಕ್ಕೆ ನಿಲ್ಲಿಸಿದ್ದರೆ ಒಟ್ಟು ಕೋನ 15 ಡಿಗ್ರಿ. ಗಿಡ್ಡ ಶಂಕು ಉದ್ದದ್ದಕ್ಕಿಂತ ಸ್ವಲ್ಪ ಹೆಚ್ಚು ಕೋನ ತಾಳಿಕೊಳ್ಳುತ್ತದೆ, ಏಕೆಂದರೆ ಒಟ್ಟು ಏರು ಚಿಕ್ಕದು. ಗರಿಷ್ಠ ಪಾಲು 0.52 ಮಾತ್ರ, ನಿಜ. ಅದರಲ್ಲಿ ಎಪ್ಪತ್ತು ಪರ್ಸೆಂಟ್ ಸಿಕ್ಕರೂ 0.36, ನನ್ನ ದೊಡ್ಡ ಬಾಯಿ ಕೊಟ್ಟಿದ್ದರ ಎರಡರಷ್ಟು. ತಗಡೂ ಕಡಿಮೆ ಹಿಡಿಯುತ್ತಿತ್ತು. ಮಾಲೀಕರಿಗೆ ಇದನ್ನು ಇನ್ನೂ ಹೇಳಿಲ್ಲ.