‘ಉಂಟಾ?’ ಅಂತ ಮಾತ್ರ ಬಂದರೆ ನಾನು ಬರೆಯುವ ಉತ್ತರ

ಉಡುಪಿಯಲ್ಲಿ ನಮ್ಮದೊಂದು ಸಣ್ಣ ಹೂವಿನ ಅಂಗಡಿ. ಮುಖ್ಯವಾಗಿ ಶಂಕರಪುರ ಮಲ್ಲಿಗೆ, ಅದನ್ನು ಮಾರುವುದು ಚೆಂಡು, ಅಟ್ಟೆ ಲೆಕ್ಕದಲ್ಲಿ. ಈಗ ಹೆಚ್ಚಿನವರು ಮೊದಲು ವಾಟ್ಸಾಪ್‌ನಲ್ಲಿ ಕೇಳಿಯೇ ಬರುವುದು, ಅದೂ ಒಂದೇ ಪದದಲ್ಲಿ. ‘ಹಾಯ್’, ‘ಎಷ್ಟು?’, ‘ಉಂಟಾ?’. ಕೆಲವರದ್ದು ಬರೀ ಒಂದು ಪ್ರಶ್ನೆ ಚಿಹ್ನೆ.

ಮೊದಲು ನಾನೂ ಹಾಗೇ ಉತ್ತರಿಸುತ್ತಿದ್ದೆ. ‘ಹಾಯ್’ ಅಂದರೆ ‘ಹಾಯ್, ಹೇಳಿ’. ಅವರು ಮತ್ತೆ ಫೋನ್ ನೋಡುವುದು ಸಂಜೆಗೆ, ಅಷ್ಟರಲ್ಲಿ ಅವತ್ತಿನ ಹೂವು ಖಾಲಿ.

ಪಾಠ ಕಲಿತದ್ದು ಒಂದು ‘ಎಷ್ಟು?’ನಿಂದ. ಒಬ್ಬರು ಅಕ್ಕ ಕೇಳಿದರು, ನಾನು ‘ಅಟ್ಟೆಗೆ 1000’ ಅಂತ ಹಾಕಿದೆ, ಅವರು ‘ಓಕೆ’ ಅಂದರು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಎರಡು ದಿನ ಬಿಟ್ಟು ಬೆಳಿಗ್ಗೆ ಅಂಗಡಿಗೆ ಬಂದು, ಮನೆಯಲ್ಲಿ ಮದುವೆ, ಮೂರು ಅಟ್ಟೆ ಕೊಡಿ ಅಂದರು. ಅವತ್ತು ದರ 1450. ನನ್ನ ಹತ್ತಿರ ಇದ್ದದ್ದೂ ಒಂದೇ ಅಟ್ಟೆ. ಅವರು ಫೋನ್ ತೆಗೆದು ನನ್ನದೇ ಮೆಸೇಜ್ ತೋರಿಸಿದರು. ತಪ್ಪು ಅವರದ್ದಲ್ಲ. ಮಲ್ಲಿಗೆ ದರ ಶಂಕರಪುರದಲ್ಲಿ ದಿನಾ ಹೊಸದಾಗಿ ನಿಗದಿಯಾಗುತ್ತದೆ ಅನ್ನುವುದು ನಮಗೆ ಗೊತ್ತು, ವರ್ಷಕ್ಕೊಮ್ಮೆ ಹೂವು ಕೊಳ್ಳುವವರಿಗೆ ಹೇಗೆ ಗೊತ್ತಿರಬೇಕು? ಅವರ ‘ಎಷ್ಟು?’ ಅಂದರೆ ‘ನಾಡಿದ್ದು ಎಷ್ಟು’ ಅಂತ. ನಾನು ಹೇಳಿದ್ದು ಇವತ್ತಿನದ್ದು. ಅವರ ‘ಓಕೆ’ ಬುಕಿಂಗ್, ನನಗೆ ಅದು ಬರೀ ಓಕೆ.

ಈಗ ‘ಎಷ್ಟು?’ ಅಂತ ಬಂದರೆ ನಾನು ಬರೆಯುವುದು ಹೀಗೆ: ‘ಇವತ್ತಿನ ದರ ಚೆಂಡಿಗೆ 250, ಅಟ್ಟೆಗೆ 1000. ಒಂದು ಚೆಂಡು ಅಂದರೆ 800 ಹೂವು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ನಾಳೆಯ ದರ ನಾಳೆಯೇ ಗೊತ್ತಾಗುವುದು. ನಿಮಗೆ ಯಾವ ದಿನಕ್ಕೆ ಬೇಕು?’ ಇದನ್ನು ವಾಟ್ಸಾಪ್ ಬಿಸಿನೆಸ್‌ನ ಕ್ವಿಕ್ ರಿಪ್ಲೈನಲ್ಲಿ ಇಟ್ಟಿದ್ದೇನೆ, `/dara` ಅಂತ ಒತ್ತಿದರೆ ಬರುತ್ತದೆ. ಬೆಳಿಗ್ಗೆ ದರ ಗೊತ್ತಾದ ಕೂಡಲೇ ಮೊದಲ ಕೆಲಸ ಅದರಲ್ಲಿನ ಎರಡು ಅಂಕಿ ಬದಲಿಸುವುದು. ಅದನ್ನು ಮರೆತರೆ ಹಳೇ ದರ ಹೋಗುತ್ತದೆ, ಆಮೇಲೆ ಜಗಳ.

ಕೊನೆಯ ಪ್ರಶ್ನೆ ಒಂದೇ ಇರಬೇಕು. ಶುರುವಿಗೆ ನಾನು ದಿನ, ಎಷ್ಟು ಅಟ್ಟೆ, ತಲುಪಿಸುವ ಜಾಗ ಎಲ್ಲಾ ಒಟ್ಟಿಗೆ ಕೇಳುತ್ತಿದ್ದೆ. ಯಾರೂ ಉತ್ತರ ಕೊಡುತ್ತಿರಲಿಲ್ಲ. ಒಂದೇ ಪದ ಕಳಿಸುವವರು ಬಸ್ಸಿನಲ್ಲಿರುತ್ತಾರೆ, ಅಡುಗೆ ಮಾಡುತ್ತಿರುತ್ತಾರೆ, ಇಲ್ಲವೇ ಕನ್ನಡ ಟೈಪ್ ಮಾಡಲು ಕಷ್ಟ. ಹಾಗಾಗಿ ಅವರ ಮುಂದಿನ ಉತ್ತರವೂ ಒಂದೇ ಪದದಲ್ಲಿ ಮುಗಿಯುವ ಹಾಗೆ ಕೇಳಬೇಕು. ‘ಯಾವ ದಿನಕ್ಕೆ?’ ‘ಶುಕ್ರವಾರ’. ‘ಚೆಂಡು ಸಾಕಾ, ಅಟ್ಟೆ ಬೇಕಾ?’ ‘ಚೆಂಡು’. ಹೀಗೆ ಮೂರು ಪದದಲ್ಲಿ ಆರ್ಡರ್ ಆಗುತ್ತದೆ. ವಯಸ್ಸಾದವರಾದರೆ ‘ವಾಯ್ಸ್ ಹಾಕಿದರೂ ಆಗುತ್ತದೆ’ ಅಂತ ಸೇರಿಸುತ್ತೇನೆ.

‘ಉಂಟಾ?’ ಇನ್ನೂ ಜಾಗ್ರತೆಯದ್ದು. ಅದಕ್ಕೆ ಸುಮ್ನೆ ‘ಉಂಟು’ ಅಂದರೆ ನಾವು ಮಾತು ಕೊಟ್ಟ ಹಾಗೆ. ಅದನ್ನು ನಂಬಿ ಕಾರ್ಕಳದಿಂದ ಬಂದವರನ್ನು ಬರಿಗೈಯಲ್ಲಿ ಕಳಿಸಿದ್ದೇನೆ, ಇವತ್ತಿಗೂ ಬೇಸರ ಉಂಟು. ಈಗ ‘ಈಗ ಆರು ಚೆಂಡು ಉಂಟು. ನಿಮಗೆ ತೆಗೆದಿಡಲಾ?’ ಅಂತ ಬರೆಯುತ್ತೇನೆ. ಅವರು ‘ಹೂಂ’ ಅಂದರೆ ಬಾಳೆ ಎಲೆಯಲ್ಲಿ ಕಟ್ಟಿ ಹೆಸರು ಬರೆದು ಬದಿಗಿಡುತ್ತೇನೆ, ಎಷ್ಟು ಗಂಟೆವರೆಗೆ ಇಡುತ್ತೇನೆ ಅಂತಲೂ ಹೇಳುತ್ತೇನೆ.

ಉತ್ತರ ಬರೆಯುವ ಮೊದಲು ಒಂದು ಅಭ್ಯಾಸ ಮಾಡಿಕೊಂಡೆ: ಹಳೇ ಚಾಟ್ ಮೇಲೆ ಎಳೆದು ನೋಡುವುದು. ಪ್ರತಿ ಶುಕ್ರವಾರ ಎರಡು ಚೆಂಡು ಒಯ್ಯುವವರು ಗುರುವಾರ ರಾತ್ರಿ ‘ಉಂಟಾ?’ ಅಂದರೆ ಏನೂ ಕೇಳಬೇಕಾಗಿಲ್ಲ, ‘ಎರಡು ಚೆಂಡು ಇಟ್ಟಿರುತ್ತೇನೆ ಅಕ್ಕ’ ಅಂದರೆ ಸಾಕು. ಸ್ಟೇಟಸ್ ನೋಡಿ ಕೇಳಿದ್ದಾದರೆ ಯಾವ ಫೋಟೋ ಅಂತ ಮೆಸೇಜಿನ ಮೇಲೆಯೇ ಕಾಣುತ್ತದೆ. ನಾನು ಸೇವಂತಿಗೆ ಫೋಟೋ ಹಾಕಿದ್ದಾಗ ಬಂದ ‘ಎಷ್ಟು?’ಗೆ ಮಲ್ಲಿಗೆ ದರ ಹೇಳಿದ್ದೂ ಉಂಟು. ಇನ್ನು ಬರೀ ‘?’ ಬಂದರೆ ಹೆಚ್ಚಾಗಿ ಅದು ಹೊಸ ಪ್ರಶ್ನೆ ಅಲ್ಲ, ಮೇಲಿನ ಯಾವುದಕ್ಕೋ ನಾನು ಉತ್ತರ ಕೊಡದೆ ಬಿಟ್ಟಿರುತ್ತೇನೆ.

ಬರೀ ‘ಹಾಯ್’ಗೆ ಆ್ಯಪಿನ ಗ್ರೀಟಿಂಗ್ ಮೆಸೇಜ್ ಇಟ್ಟಿದ್ದೇನೆ. ಅದು ಮೊದಲ ಸಲ ಬರೆಯುವವರಿಗೆ, ಅಥವಾ 14 ದಿನ ಮಾತಿಲ್ಲದೆ ಇದ್ದು ಮತ್ತೆ ಬರೆದವರಿಗೆ ಮಾತ್ರ ಹೋಗುತ್ತದೆ. ‘ನಿಮ್ಮನ್ನು ಶೀಘ್ರ ಸಂಪರ್ಕಿಸುತ್ತೇವೆ’ ಅನ್ನುವುದನ್ನು ತೆಗೆದುಹಾಕಿದೆ. ಅದರ ಬದಲು ‘ನಮಸ್ಕಾರ, ಮಲ್ಲಿಗೆ ಯಾವ ದಿನಕ್ಕೆ ಬೇಕಿತ್ತು?’ ಅಂತ ಇದೆ. ಅದಕ್ಕೂ ಉತ್ತರ ಬರದಿದ್ದರೆ ಮಾರನೇ ದಿನ ಬೆಳಿಗ್ಗೆ ಒಂದೇ ಸಲ ದರ ಕಳಿಸಿ ಬಿಡುತ್ತೇನೆ.

ಹೊರದೇಶದ ನಂಬರಿನಿಂದ ಬರುವ ‘ಹಾಯ್’ ಮೋಸದ್ದು ಅಂತ ಮೊದಲು ಬ್ಲಾಕ್ ಮಾಡುತ್ತಿದ್ದೆ. ನಮ್ಮೂರಿಗೆ ಅದು ಸರಿಯಾಗುವುದಿಲ್ಲ, ದುಬೈಯಲ್ಲಿ ನಮ್ಮವರು ಎಷ್ಟು ಜನ ಇದ್ದಾರೆ ಅಲ್ವಾ. ಮೊನ್ನೆ +971 ನಂಬರಿನಿಂದ ಬಂದ ‘ಹಾಯ್’ಗೆ ದಿನ ಕೇಳಿದೆ. ‘ಭಾನುವಾರ’ ಅಂತ ಬಂತು. ಅಮ್ಮನ ಹುಟ್ಟುಹಬ್ಬಕ್ಕೆ ಬ್ರಹ್ಮಾವರದ ಮನೆಗೆ ಒಂದು ಅಟ್ಟೆ ಕಳಿಸಬೇಕಿತ್ತಂತೆ.