ಸ್ಟೀರಿಂಗ್ ಲೈಟ್ ಹತ್ತಿದರೆ ಮೊದಲು ಬ್ಯಾಟರಿ ವೋಲ್ಟೇಜ್ ನೋಡಿ
ಮಂಡಿಪೇಟೆಯ ಇಕ್ಕಟ್ಟಲ್ಲಿ ಗಾಡಿ ತಿರುಗಿಸುವಾಗ ಸ್ಟೀರಿಂಗ್ ಇದ್ದಕ್ಕಿದ್ದಂತೆ ಕಲ್ಲಿನ ಹಾಗೆ ಗಟ್ಟಿಯಾಗಿ ಇಪಿಎಸ್, ಅಂದರೆ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಲೈಟ್ ಹತ್ತಿತಾ? ಸ್ಟೀರಿಂಗ್ ತಿರುಗಿಸಲು ನೆರವಾಗುವ ಮೋಟಾರ್ ಬದಲಿಸಲು ಒಪ್ಪುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಇಂಜಿನ್ ಚಾಲೂ ಇದ್ದಾಗ ಬ್ಯಾಟರಿಯಲ್ಲಿ ಸುಮಾರು 13.5ರಿಂದ 14.5 ವೋಲ್ಟ್ ಇರಬೇಕು. ಆಮೇಲೆ ಮೀಟರ್‌ನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಬಾಡಿಯ ಬರಿ ಲೋಹಕ್ಕೆ ಇಟ್ಟು, ಇನ್ನೊಬ್ಬರಿಂದ ನಿಂತಲ್ಲೇ ಸ್ಟೀರಿಂಗ್ ತಿರುಗಿಸಿ. ಅರ್ಧ ವೋಲ್ಟ್ ಹತ್ತಿರ ತೋರಿಸಿದರೆ ಅರ್ತ್ ವೈರ್ ಸಡಿಲ, ಇಲ್ಲವೇ ತುಕ್ಕು. ಉಜ್ಜಿ, ಬೋಲ್ಟ್ ಬಿಗಿ ಮಾಡಿ. ಟರ್ಮಿನಲ್‌ನ ಬಿಳಿ ಪುಡಿಯನ್ನೂ ಬಿಡಬೇಡಿ. ನಿಂತ ಗಾಡಿಯಲ್ಲಿ ತಿರುಗಿಸುವಾಗಲೇ ಮೋಟಾರ್ ಹತ್ತಾರು ಆಂಪ್ ಎಳೆಯುತ್ತದೆ. ಆಗ ವೋಲ್ಟೇಜ್ ಕುಸಿದರೆ ಕಂಟ್ರೋಲರ್ ಸಹಾಯ ನಿಲ್ಲಿಸಿಬಿಡುತ್ತದೆ, ಮೋಟಾರ್ ಚೆನ್ನಾಗಿದ್ದರೂ ಅಷ್ಟೇ. ವೋಲ್ಟೇಜ್, ಅರ್ತ್ ಎರಡೂ ಸರಿ ಇದ್ದು ಲೈಟ್ ಮತ್ತೆ ಮತ್ತೆ ಬರುತ್ತಿದ್ದರೆ ಈ ಉಪಾಯ ನಡೆಯಲ್ಲ. ನೀವು ತಿರುಗಿಸುವ ಬಲ ಅಳೆಯುವ ಟಾರ್ಕ್ ಸೆನ್ಸರ್ ಅಥವಾ ಮೋಟಾರ್ ಹೋಗಿರಬಹುದು, ಸ್ಕ್ಯಾನರ್‌ನಲ್ಲಿ ಕೋಡ್ ಓದಿಸಿ. ಸುಮ್ನೆ ಕೋಡ್ ಅಳಿಸಿ ಕಳಿಸುವವರಿಗೆ ದುಡ್ಡು ಕೊಡಬೇಡಿ. ಅಂದಹಾಗೆ, ಪೂರ್ತಿ ತಿರುಗಿಸಿ ಬಹಳ ಹೊತ್ತು ಹಿಡಿದರೂ ಮೋಟಾರ್ ಬಿಸಿಯಾಗಿ ಸ್ಟೀರಿಂಗ್ ಭಾರವಾಗುತ್ತದೆ, ತಣ್ಣಗಾದ ಮೇಲೆ ಅದೇ ಸರಿ ಹೋಗುತ್ತದೆ.